ಹಾರ್ಟ್ ಸುತ್ತ ನೀರು ತುಂಬಿ ಬಿಪಿ ಬಿದ್ದಾಗ ಸೂಜಿ ಹಾಕಿ ತೆಗೆದದ್ದು: ನನ್ನ ಅನುಭವ

ಮೂವತ್ತೈದರ ಆಸುಪಾಸಿನ ಒಬ್ರು, ಹೊಲದ ಕೆಲಸ ಮಾಡೋರು, ಕೂತ್ಕೊಂಡೇ ನಿದ್ದೆ ಮಾಡೋ ಸ್ಥಿತಿಲಿ ನಮ್ಮ ಎಮರ್ಜೆನ್ಸಿಗೆ ಬಂದ್ರು. ತಿಂಗಳಿಂದ ಸಂಜೆ ಜ್ವರ, ತೂಕ ಇಳಿದಿದೆ, ಹದಿನೈದು ದಿನದಿಂದ ಏದುಸಿರು, ಕಾಲು ಬಾವು. ಬೇರೆ ಕಡೆ ಹಾರ್ಟ್ ಫೇಲ್ಯೂರ್ ಅಂತ ನೀರಿಳಿಸೋ ಇಂಜೆಕ್ಷನ್ ಕೊಟ್ಟಿದ್ರಂತೆ, ಅದಾದ್ಮೇಲೆ ತಲೆ ಸುತ್ತು ಜಾಸ್ತಿ ಆಗಿ ಎದ್ದು ನಿಲ್ಲಕ್ಕೂ ಆಗ್ತಿರಲಿಲ್ಲ. ಪಲ್ಸ್ 128, ಬಿಪಿ 84/62, ಕತ್ತಿನ ನರ ದವಡೆವರೆಗೂ ಉಬ್ಬಿತ್ತು, ಆದ್ರೆ ಶ್ವಾಸಕೋಶ ಕೇಳಿದ್ರೆ ಕ್ಲಿಯರ್. ಕತ್ತಿನ ನರ ತುಂಬಿದೆ, ಬಿಪಿ ಕಡಿಮೆ, ಲಂಗ್ಸ್‌ನಲ್ಲಿ ನೀರಿಲ್ಲ ಅಂದ್ರೆ ನನ್ನ ತಲೆಗೆ ಮೊದಲು ಬರೋದು ಟ್ಯಾಂಪೊನೇಡ್, ಅಂದ್ರೆ ಹಾರ್ಟ್ ಸುತ್ತ ನೀರು ತುಂಬಿ ಹಾರ್ಟನ್ನೇ ಒತ್ತೋದು.

ಹಾರ್ಟ್ ಸುತ್ತ ಪೆರಿಕಾರ್ಡಿಯಂ ಅಂತ ಒಂದು ಚೀಲ ಇರುತ್ತೆ, ಎಲ್ಲರಿಗೂ ಅದರೊಳಗೆ 15ರಿಂದ 50 ಎಂಎಲ್ ನೀರು ಇದ್ದೇ ಇರುತ್ತೆ. ಚೀಲ ಗಟ್ಟಿ, ತಕ್ಷಣಕ್ಕೆ ಹಿಗ್ಗಲ್ಲ, ಹಾಗಾಗಿ ಚಾಕು ಇರಿತದಲ್ಲೋ ಆಂಜಿಯೋಪ್ಲಾಸ್ಟಿಲಿ ರಕ್ತನಾಳ ತೂತಾದಾಗ್ಲೋ 150-200 ಎಂಎಲ್ ರಕ್ತ ಸಡನ್ನಾಗಿ ಸೇರಿದ್ರೂ ಜೀವಕ್ಕೆ ಅಪಾಯ. ಅದೇ ಟಿಬಿ, ಕ್ಯಾನ್ಸರ್, ಥೈರಾಯ್ಡ್ ಇಂಥವುಗಳಲ್ಲಿ ವಾರಗಟ್ಟಲೆ ನಿಧಾನಕ್ಕೆ ತುಂಬಿದ್ರೆ ಚೀಲ ಹಿಗ್ಗುತ್ತಾ ಹೋಗಿ ಒಂದು ಲೀಟರ್ ದಾಟಿದ್ರೂ ಮನುಷ್ಯ ಓಡಾಡ್ಕೊಂಡಿರ್ತಾನೆ. ಆದ್ರೆ ಅದಕ್ಕೂ ಒಂದು ಮಿತಿ ಇದೆ, ಮಿತಿ ಮುಟ್ಟಿದ ಮೇಲೆ ಇನ್ನೊಂದು ಐವತ್ತು ಎಂಎಲ್ ಸೇರಿದ್ರೂ ಪ್ರೆಶರ್ ಗಕ್ಕಂತ ಏರುತ್ತೆ. ಅದಕ್ಕೇ ನಾನು ಎಷ್ಟು ನೀರಿದೆ ಅನ್ನೋದಕ್ಕಿಂತ ಹಾರ್ಟ್ ಎಷ್ಟು ಒತ್ತಿಸ್ಕೊಳ್ತಿದೆ ಅನ್ನೋದನ್ನೇ ನೋಡೋದು.

ಒತ್ತಿದಾಗ ಮೊದಲು ಸೋಲೋದು ಬಲಭಾಗ, ಯಾಕಂದ್ರೆ ಅಲ್ಲಿ ಗೋಡೆ ತೆಳು, ಒಳಗಿನ ಪ್ರೆಶರ್ರೂ ಕಡಿಮೆ. ಹಾರ್ಟ್ ಹಿಂಡಕ್ಕೆ ಶಕ್ತಿ ಇದೆ ಆದ್ರೆ ತುಂಬ್ಕೊಳಕ್ಕೆ ಜಾಗ ಇಲ್ಲ. ದೇಹ ರಕ್ತನಾಳದಲ್ಲಿ ಪ್ರೆಶರ್ ಏರಿಸಿ ಹೇಗೋ ಹಾರ್ಟ್ ಒಳಗೆ ರಕ್ತ ತಳ್ಳಕ್ಕೆ ಒದ್ದಾಡ್ತಿರುತ್ತೆ, ಆಗ ನೀರಿಳಿಸೋ ಇಂಜೆಕ್ಷನ್ ಕೊಟ್ರೆ ಆ ಒತ್ತಡನೂ ಹೋಗಿ ಬಿಪಿ ಕುಸಿಯುತ್ತೆ, ಇವರಿಗಾಗಿದ್ದೂ ಅದೇ. ನಾವು ಅದನ್ನ ನಿಲ್ಲಿಸಿ 250 ಎಂಎಲ್ ಸಲೈನ್ ಹಾಕಿದ್ವಿ, ಸೂಜಿ ರೆಡಿ ಆಗೋವರೆಗೆ ತಡ್ಕೊಳ್ಳಲಿ ಅಂತ ಅಷ್ಟೇ. ಉಸಿರಾಟ ಜೋರಾಗಿದೆ ಅಂತ ವೆಂಟಿಲೇಟರ್ ಹಾಕಕ್ಕೆ ಆತುರ ಪಡಬಾರದು, ಮೆಷಿನ್ ಗಾಳಿ ಒಳಗೆ ತಳ್ಳಿದ್ರೆ ಹಾರ್ಟಿಗೆ ವಾಪಸ್ ಬರೋ ರಕ್ತ ಇನ್ನೂ ಕಡಿಮೆ ಆಗುತ್ತೆ.

ಎಕೋ ಮೆಷಿನ್ ಬರೋ ಮುಂಚೆ ಕೈಯಾರೆ ಬಿಪಿ ನೋಡಿದ್ದೆ, ಡಿಜಿಟಲ್ ಮೆಷಿನ್ ಈ ಕೆಲಸಕ್ಕೆ ಬರಲ್ಲ. ಕಫ್‌ನ ಗಾಳಿ ತುಂಬಾ ನಿಧಾನಕ್ಕೆ ಬಿಡ್ತಾ ಹೋದ್ರೆ ಒಂದು ಹಂತದಲ್ಲಿ ಟಕ್ ಟಕ್ ಸದ್ದು ಉಸಿರು ಬಿಡೋವಾಗ ಮಾತ್ರ ಕೇಳುತ್ತೆ, ಎಳ್ಕೊಂಡಾಗ ಮಾಯ. ಇವರಿಗೆ ಅದು 84ರಲ್ಲಿ ಶುರುವಾಯ್ತು, ಉಸಿರು ಎಳ್ಕೊಂಡಾಗ್ಲೂ ಬಿಟ್ಟಾಗ್ಲೂ ಒಂದೇ ಸಮ ಕೇಳಿಸಿದ್ದು 66ಕ್ಕೆ ಇಳಿದಾಗ. ವ್ಯತ್ಯಾಸ 18, ಹತ್ತು ದಾಟಿದ್ರೇನೇ ಹುಷಾರಾಗಬೇಕು. ಉಸಿರು ಎಳ್ಕೊಂಡಾಗ ಬಲಭಾಗಕ್ಕೆ ರಕ್ತ ಜಾಸ್ತಿ ನುಗ್ಗುತ್ತೆ, ಹೊರಗಡೆ ಹಿಗ್ಗಕ್ಕೆ ನೀರು ಬಿಡಲ್ಲ, ಹಾಗಾಗಿ ಮಧ್ಯದ ಗೋಡೆ ಎಡಕ್ಕೆ ಸರಿದು ಎಡಭಾಗದ ಜಾಗ ತಿನ್ನುತ್ತೆ, ಅದಕ್ಕೇ ಆ ಕ್ಷಣಕ್ಕೆ ಬಿಪಿ ಬೀಳೋದು. ಕ್ಲಾಡ್ ಬೆಕ್ ಅನ್ನೋ ಸರ್ಜನ್ 1935ರಲ್ಲಿ ಹೇಳಿದ ಮೂರು ಲಕ್ಷಣ, ಬಿಪಿ ಕಡಿಮೆ, ಕತ್ತಿನ ನರ ಉಬ್ಬು, ಹಾರ್ಟ್ ಸದ್ದು ಮಂದ, ಇವು ಎಕ್ಸಾಮಲ್ಲಿ ಎಲ್ಲರಿಗೂ ಬರುತ್ತೆ, ಆದ್ರೆ ನಿಧಾನಕ್ಕೆ ತುಂಬಿದ ಕೇಸಲ್ಲಿ ಮೂರೂ ಒಟ್ಟಿಗೆ ಸಿಗೋದು ಅಪರೂಪ.

ಎಕೋದಲ್ಲಿ ಹಾರ್ಟ್ ನೀರೊಳಗೆ ತೂಗಾಡ್ತಿತ್ತು, ಬಲ ವೆಂಟ್ರಿಕಲ್, ಅಂದ್ರೆ ಹಾರ್ಟಿನ ಬಲಗಡೆ ಕೆಳಗಿನ ಕೋಣೆ, ಹಿಗ್ಗಬೇಕಾದ ಹೊತ್ತಲ್ಲಿ ಒಳಕ್ಕೆ ಕುಸೀತಿತ್ತು, ಹೊಟ್ಟೆಯಿಂದ ಬರೋ ದೊಡ್ಡ ಅಭಿಧಮನಿ ದಪ್ಪಗಾಗಿ ಉಸಿರು ಎಳ್ಕೊಂಡ್ರೂ ಕಿರಿದಾಗ್ತಿರಲಿಲ್ಲ. ಇನ್ನು ಕಾಯೋ ಪ್ರಶ್ನೆನೇ ಇಲ್ಲ.

ಎಲ್ಲಿ ಚುಚ್ಚೋದು ಅನ್ನೋದಕ್ಕೆ ನಾನು ಮೊದಲೇ ಒಂದು ಜಾಗ ಅಂತ ಇಟ್ಕೊಳ್ಳಲ್ಲ. ಎದೆಮೂಳೆ ಕೆಳಗಿಂದ ಎಡಭುಜದ ಕಡೆ ಹೋಗೋದು ಹಳೆ ದಾರಿ, ಇವರಿಗೆ ಅಲ್ಲಿ ಲಿವರ್ ಊದ್ಕೊಂಡು ಅಡ್ಡ ಇತ್ತು. ಎಡಗಡೆ ಹಾರ್ಟಿನ ತುದಿ ಹತ್ರ ನೀರು ಎರಡು ಸೆಂಟಿಮೀಟರಿಗಿಂತ ದಪ್ಪ ಇತ್ತು, ಚರ್ಮಕ್ಕೂ ಹತ್ರ. ಅಲ್ಟ್ರಾಸೌಂಡ್ ಗಾಳಿ ದಾಟಲ್ಲ, ಹಾಗಾಗಿ ಆ ಜಾಗದಲ್ಲಿ ನೀರು ನೀಟಾಗಿ ಕಾಣ್ತಿದೆ ಅಂದ್ರೆ ನಡುವೆ ಶ್ವಾಸಕೋಶ ಇಲ್ಲ ಅಂತಾನೇ ಅರ್ಥ. ಬೆನ್ನು ಸ್ವಲ್ಪ ಎತ್ತಿ ಕೂರಿಸಿ, ಪೆನ್ನಲ್ಲಿ ಗುರುತು ಹಾಕಿ, ಎಷ್ಟು ಆಳ ಅಂತ ಅಳೆದು, ಪ್ರೋಬ್ ಹಿಡಿದಿದ್ದ ಕೋನ ಕೈಗೆ ಕೂರಿಸ್ಕೊಂಡೆ, ಸೂಜಿ ಅದೇ ಕೋನದಲ್ಲಿ ಹೋಗಬೇಕು. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಪಕ್ಕೆಲುಬಿನ ಮೇಲಂಚಿಗೆ ತಾಗಿಸ್ಕೊಂಡೇ ಹೋದೆ, ರಕ್ತನಾಳ ಇರೋದು ಕೆಳಂಚಲ್ಲಿ. ಸಿರಿಂಜ್ ಎಳೀತಾ ಎಳೀತಾ ಒಳಗೆ ಹೋಗ್ತಿದ್ದಾಗ ಪಟ್ ಅಂತ ಒಂದು ಸಣ್ಣ ಪೊರೆ ದಾಟಿದಂಗಾಯ್ತು, ಸಿರಿಂಜಿಗೆ ಬಂದಿದ್ದು ಕೆಂಪು ನೀರು.

ಇಲ್ಲೇ ಎಲ್ಲರ ಕೈಯೂ ನಿಲ್ಲೋದು. ಟಿಬಿ ನೀರು ರಕ್ತದ ಹಂಗೇ ಇರಬಹುದು, ಅಥವಾ ಸೂಜಿ ಹಾರ್ಟ್ ಒಳಗೇ ಹೋಗಿರಬಹುದು. ಬಣ್ಣ ನೋಡಿ ಹೇಳಕ್ಕಾಗಲ್ಲ. ತ್ರೀ-ವೇ ಅನ್ನೋ ಮೂರು ಬಾಯಿಯ ಸಣ್ಣ ನಲ್ಲಿಗೆ ಎರಡು ಸಿರಿಂಜ್ ಸಿಕ್ಕಿಸಿ, ಒಂಬತ್ತು ಎಂಎಲ್ ಸಲೈನಿಗೆ ಚೂರೇ ಚೂರು ಗಾಳಿ ಸೇರಿಸಿ ಅತ್ಲಾಗೊಮ್ಮೆ ಇತ್ಲಾಗೊಮ್ಮೆ ತಳ್ಳಿ ನೊರೆ ಮಾಡಿ, ಸೂಜಿಲಿ ಸ್ವಲ್ಪ ಬಿಟ್ಟೆ. ಎಕೋ ಪರದೆ ಮೇಲೆ ಹಾರ್ಟಿನ ಹೊರಗಡೆ, ನೀರಿನ ಜಾಗದಲ್ಲಿ, ಬೆಳ್ಳಗೆ ಹೊಗೆ ಎದ್ದಂಗೆ ಗುಳ್ಳೆ ಹರಡ್ತು. ವೆಂಟ್ರಿಕಲ್ ಒಳಗೆ ಕಂಡಿದ್ರೆ ಸೂಜಿ ಹಿಂದಕ್ಕೆ ತೆಗೀಬೇಕಿತ್ತು. ಸೂಜಿ ತೂತು ಸಣ್ಣದು, ಸಾಮಾನ್ಯವಾಗಿ ಮುಚ್ಕೊಳ್ಳುತ್ತೆ, ಅದರ ಮೇಲೆ ತೂತು ಹಿಗ್ಗಿಸೋ ಡೈಲೇಟರ್ ತಳ್ಳಿದ್ರೆ ಮಾತ್ರ ಅನಾಹುತ. ಗುಳ್ಳೆ ನೋಡದೆ ಡೈಲೇಟರ್ ಮುಟ್ಟಲ್ಲ ಅನ್ನೋದು ನಮ್ಮ ಯೂನಿಟ್ಟಲ್ಲಿ ಕಾನೂನು ಇದ್ದಂಗೆ.

ಆಮೇಲೆ ವೈರ್, ಡೈಲೇಟರ್, ಅದನ್ನ ತೆಗೆದು ವೈರ್ ಮೇಲೆ ಪಿಗ್‌ಟೇಲ್ ಅನ್ನೋ 6 ಫ್ರೆಂಚ್ ಸೈಜಿನ ತೆಳು ಟ್ಯೂಬ್. ಮೊದಲ ನೂರು ಎಂಎಲ್ ತೆಗೆಯೋಷ್ಟರಲ್ಲೇ ಬಿಪಿ 104, ಪಲ್ಸ್ 106. "ಸರ್ರ, ಎದಿ ಮ್ಯಾಲಿನ ಕಲ್ಲು ತಗದಂಗಾತ್ರಿ" ಅಂದ್ರು ಪೇಷೆಂಟ್. ಒಳಗೆ ಇನ್ನೂ ಬೇಕಾದಷ್ಟಿತ್ತು, ಆದ್ರೂ 600 ಎಂಎಲ್‌ಗೆ ನಿಲ್ಲಿಸಿ ಟ್ಯೂಬ್ ಬಿಟ್ವಿ. ಒಂದೇ ಸಲಕ್ಕೆ ಒಂದು ಲೀಟರಿಗಿಂತ ಜಾಸ್ತಿ ತೆಗೆದ್ರೆ ಇಷ್ಟು ದಿನ ಅದುಮಿಸ್ಕೊಂಡಿದ್ದ ಹಾರ್ಟಿಗೆ ದಿಢೀರಂತ ರಕ್ತ ನುಗ್ಗಿ ವೆಂಟ್ರಿಕಲ್ ಸೋಲಬಹುದು, ಶ್ವಾಸಕೋಶಕ್ಕೆ ನೀರಿಳೀಬಹುದು. ಅಪರೂಪ, ಆದ್ರೆ ಆದ್ರೆ ಕಷ್ಟ. ಉಳಿದದ್ದನ್ನ ಸ್ವಲ್ಪ ಸ್ವಲ್ಪನೇ ತೆಗೆದು, ದಿನಕ್ಕೆ 25-30 ಎಂಎಲ್‌ಗಿಂತ ಕಡಿಮೆ ಬರಕ್ಕೆ ಶುರುವಾದ್ಮೇಲೆ ಟ್ಯೂಬ್ ಎಳೆದ್ವಿ.

ಎಲ್ಲಾ ಕೇಸಿಗೂ ಸೂಜಿ ಅಲ್ಲ ಮತ್ತೆ. ಮಹಾಧಮನಿ ಸೀಳಿ ರಕ್ತ ತುಂಬಿದ್ರೆ, ಅಥವಾ ಇರಿತದಿಂದ ರಕ್ತ ಹೆಪ್ಪುಗಟ್ಟಿದ್ರೆ ಅದು ಸರ್ಜನ್ ಕೆಲಸ, ಹೆಪ್ಪು ಸೂಜಿಲಿ ಬರಲ್ಲ.

"ನೀರು ತಗದ್ರ ಮತ್ತ ತುಂಬೂದಿಲ್ಲೇನ್ರಿ?" ಅಂತ ಅವರ ತಮ್ಮ ಕೇಳಿದ್ರು. ತುಂಬುತ್ತೆ, ಕಾರಣಕ್ಕೆ ಔಷಧ ಬೀಳದಿದ್ರೆ. ನೀರಲ್ಲಿ ಟಿಬಿ ಸುಳಿವು ಕೊಡೋ ಎಡಿಎ ಅನ್ನೋ ಕಿಣ್ವ 40ಕ್ಕಿಂತ ತುಂಬಾ ಮೇಲಿತ್ತು, ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಜಾಸ್ತಿ, ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಸಿಬಿನಾಟ್ ಟೆಸ್ಟಲ್ಲೂ ಪಾಸಿಟಿವ್ ಬಂತು. ಇಲ್ಲಿ ಸಿಬಿನಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅನ್ನಂಗಿಲ್ಲ, ಈ ನೀರಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುತ್ತೆ. ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡಿದ್ವಿ. ಜೊತೆಗೆ ತಮ್ಮನಿಗೆ ಒಂದು ವಿಷಯ ಬಿಡಿಸಿ ಹೇಳಿದೆ: ನೀರು ಹೋದ್ಮೇಲೂ ಮುಂದಿನ ತಿಂಗಳುಗಳಲ್ಲಿ ಕತ್ತಿನ ನರ ಉಬ್ಬಿ ಕಾಲು ಹೊಟ್ಟೆ ಮತ್ತೆ ಬಾತ್ರೆ ಅದು ಮಾತ್ರೆ ಸೈಡ್ ಎಫೆಕ್ಟ್ ಅಂತ ಸುಮ್ನಿರಬೇಡಿ, ಚೀಲನೇ ದಪ್ಪ ಆಗಿ ಹಾರ್ಟಿಗೆ ಅಂಟ್ಕೊಳ್ತಿರಬಹುದು, ಆಗ ತೆಗೆಯಕ್ಕೆ ನೀರಿರಲ್ಲ, ಔಷಧಕ್ಕೆ ಬಗ್ಗದಿದ್ರೆ ಆ ಚೀಲನೇ ಆಪರೇಷನ್ ಮಾಡಿ ಬಿಡಿಸಬೇಕಾಗುತ್ತೆ.