ಟಿಫನ್ ಬಾಕ್ಸ್‌ಗೆ ನಿಮ್ಮ ಹೋಟೆಲ್ ಹೆಸರು ಕೊಡುವ ಮೊದಲು

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದು ಪಾತ್ರೆ ತಯಾರಕರೊಬ್ಬರ ಸ್ಟೀಲ್ ಟಿಫನ್ ಬಾಕ್ಸ್‌ಗೆ ತನ್ನ ಹೆಸರು ಕೊಡುತ್ತದೆ ಅಂದುಕೊಳ್ಳಿ. ಮೊದಲ ಸ್ಯಾಂಪಲ್ ಚೆನ್ನಾಗಿಯೇ ಇರುತ್ತದೆ. ಕೈಕೊಡುವುದು ಆಮೇಲಿನ ಲಾಟ್‌ಗಳು. 304 ಗ್ರೇಡ್ ಸ್ಟೀಲ್ ಜಾಗಕ್ಕೆ ಅಗ್ಗದ 202 ಗ್ರೇಡ್ ಬಂದುಬಿಡಬಹುದು. ಎರಡಕ್ಕೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಒಪ್ಪಿದ ಎರಡು ಸ್ಯಾಂಪಲ್‌ಗೆ ನೀವೂ ತಯಾರಕರೂ ಸಹಿ ಮಾಡಿ, ಸೀಲ್ ಹಾಕಿ, ಒಂದೊಂದು ಇಟ್ಟುಕೊಳ್ಳಿ. ಸ್ಟೀಲಿನ ಗ್ರೇಡ್, ತೂಕ ಕರಾರಿನಲ್ಲೇ ಬರೆಸಿ. ಆಮೇಲೆ ತಯಾರಕರು ಕಳಿಸಿದ ಪೀಸ್ ಸುಮ್ನೆ ನಂಬಬೇಡಿ. ಅಂಗಡಿಯಲ್ಲಿ ನೀವೇ ಕೊಂಡು ತೂಗಿ, ಲ್ಯಾಬಿಗೂ ಕಳಿಸಿ.

ಜಾಸ್ತಿ ಜನ ಮರೆಯುವುದು ತಿರಸ್ಕರಿಸಿದ ಮಾಲನ್ನು. ಅದು ನಿಮ್ಮ ಹೆಸರಿನ ಸಮೇತ ಸಂತೆಗೆ ಹೋದರೆ ಕಷ್ಟ ಅಲ್ವಾ? ಹೆಸರು ಅಳಿಸದೆ ಮಾರುವಂತಿಲ್ಲ ಅಂತ ಕರಾರಿನಲ್ಲಿರಲಿ. ಇನ್ನು ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಹೋಟೆಲ್ ಸೇವೆ 43ನೇ ಕ್ಲಾಸ್, ಪಾತ್ರೆ 21ನೇ ಕ್ಲಾಸ್. ಹಾಗಾಗಿ ಪಾತ್ರೆಗೆ 21ರಲ್ಲಿ ಬೇರೆ ಅರ್ಜಿ ಹಾಕಿ.