ಅಫೆಕ್ಟ್ ಮತ್ತು ಇಫೆಕ್ಟ್: ನಾನು ಕೆಡಿಸಿದ ಒಂದು ಥೀಸಿಸ್‌ನಿಂದ ಕಲಿತದ್ದು

ಉಡುಪಿಯಲ್ಲಿ ಮನೆಯಲ್ಲೇ ಕೂತು ಇಂಗ್ಲಿಷ್ ಥೀಸಿಸ್‌ಗಳ ಪ್ರೂಫ್ ನೋಡುವುದು ನನ್ನ ಕೆಲಸ. ಶುರುವಿನ ವರ್ಷಗಳಲ್ಲಿ ಒಂದು ಥೀಸಿಸ್ ಗೈಡ್ ಕೈಯಿಂದ ವಾಪಸ್ ಬಂತು, ಅದೂ ನಾನು ತಿದ್ದಿದ ಜಾಗಗಳಿಗೇ ಕೆಂಪು ಸುತ್ತು ಹಾಕಿಸಿಕೊಂಡು. ಹುಡುಗ ಫೋನ್ ಮಾಡಿ, "ಅಕ್ಕ, ನಾನು ಬರೆದದ್ದೇ ಸರಿ ಇತ್ತಂತೆ, ಯಾಕೆ ಚೇಂಜ್ ಮಾಡಿದ್ದು ಅಂತ ಸರ್ ಕೇಳ್ತಿದ್ದಾರೆ" ಅಂದ. ಹೊಟ್ಟೆಯೊಳಗೆ ತಣ್ಣಗಾಯಿತು.

ಆಗ ನನ್ನ ಹತ್ತಿರ ಇದ್ದದ್ದು ಒಂದೇ ಸೂತ್ರ. ಎ ಇಂದ ಶುರುವಾದರೆ ಕ್ರಿಯಾಪದ, ಇ ಇಂದ ಶುರುವಾದರೆ ನಾಮಪದ. ಹತ್ತರಲ್ಲಿ ಒಂಬತ್ತು ಸಲ ಇದು ಸಾಕು, ಸುಳ್ಳಲ್ಲ. ಆದರೆ ನಾನು ಅದನ್ನು ಆ ಥೀಸಿಸ್‌ಗೆ ಪೂರ್ತಿ ಕಣ್ಣು ಮುಚ್ಚಿ ಹಾಕಿಬಿಟ್ಟಿದ್ದೆ.

ಮೊದಲು ಒಂದು ಮಾತು. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಎಫೆಕ್ಟ್ ಅಂತ ಬರೆಯುತ್ತೇವೆ, ಸೈಡ್ ಎಫೆಕ್ಟ್ ಅನ್ನುತ್ತೇವೆ. ನನ್ನಂಥ ಕನ್ನಡ ಮೀಡಿಯಂನವರಿಗೆ ತೊಂದರೆ ಅಲ್ಲಿಂದಲೇ ಶುರು, ಯಾಕೆಂದರೆ ಇಂಗ್ಲಿಷಿನ ಮೊದಲನೇ ಅಕ್ಷರದ ಹೆಸರೂ ಎ. ಬಾಯಲ್ಲಿ ಎಫೆಕ್ಟ್ ಅಂತ ಹೇಳಿಕೊಂಡು ಟೈಪ್ ಮಾಡಲು ಹೋದರೆ ಬೆರಳು ಸೀದಾ ತಪ್ಪು ಕೀಲಿಗೆ ಹೋಗುತ್ತದೆ. ಅದಕ್ಕೆ ನಾನು ಮನಸ್ಸಿನಲ್ಲಿ ಇಫೆಕ್ಟ್ ಅಂತಲೇ ಹೇಳಿಕೊಳ್ಳುತ್ತೇನೆ, ಇಲ್ಲೂ ಹಾಗೆಯೇ ಬರೆಯುತ್ತೇನೆ. ಅಂದರೆ ಅಫೆಕ್ಟ್ ಅಂದರೆ `affect`, ಇಫೆಕ್ಟ್ ಅಂದರೆ `effect`.

ಈಗ ಆ ಥೀಸಿಸ್. ಸಮಾಜಕಾರ್ಯದ ಹುಡುಗ, ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬೋಟಿನ ಕೆಲಸದವರ ಮನೆ ಹೇಗೆ ನಡೆಯುತ್ತದೆ ಅಂತ ಬರೆದಿದ್ದ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಇಂಥ ವಿಷಯದಲ್ಲಿ ಈ ಎರಡು ಪದ ಪುಟಪುಟಕ್ಕೂ ಬರುತ್ತವೆ. ನಿಷೇಧ ಜೂನ್ 1ಕ್ಕೆ ಜಾರಿಗೆ ಬರುತ್ತದೆ, ಅದು "ಕಮ್ಸ್ ಇಂಟು ಇಫೆಕ್ಟ್", ಇಲ್ಲಿ ನಾಮಪದ. ನಿಷೇಧದಿಂದ ಕೆಲಸದವರ ಸಂಪಾದನೆಗೆ ಪೆಟ್ಟು ಬೀಳುತ್ತದೆ, ಅದು "ಅಫೆಕ್ಟ್ಸ್ ದೇರ್ ಇನ್‌ಕಮ್", ಇಲ್ಲಿ ಕ್ರಿಯಾಪದ. ಇಲ್ಲಿಯವರೆಗೆ ನನ್ನ ಸೂತ್ರಕ್ಕೆ ಏನೂ ಆಗಲಿಲ್ಲ.

ಹುಡುಗ ನಿಜವಾಗಿ ತಪ್ಪು ಮಾಡಿದ್ದು ಬೇರೆ ಕಡೆ. "ದ ಬ್ಯಾನ್ ಅಫೆಕ್ಟ್ಸ್ ಆನ್ ದೇರ್ ಇನ್‌ಕಮ್" ಅಂತ ಬರೆದಿದ್ದ. ಈ "ಆನ್" ಎಲ್ಲಿಂದ ಬಂತು? ನಮ್ಮ ಕನ್ನಡದಿಂದ. ನಾವು "ಆದಾಯದ ಮೇಲೆ ಪರಿಣಾಮ ಬೀರುತ್ತದೆ" ಅನ್ನುತ್ತೇವೆ ಅಲ್ವಾ, ಆ "ಮೇಲೆ" ಹಾಗೇ ಇಂಗ್ಲಿಷಿಗೆ ಹೋಗಿ ಕೂತುಕೊಂಡಿದೆ. ಕ್ರಿಯಾಪದ ಅಫೆಕ್ಟ್‌ಗೆ ಆನ್ ಬೇಡ, ಅದು ನೇರವಾಗಿ ವಸ್ತುವನ್ನೇ ಹಿಡಿಯುತ್ತದೆ. ಆನ್ ಬೇಕಾಗುವುದು ನಾಮಪದ ಇಫೆಕ್ಟ್‌ಗೆ, "ಹ್ಯಾಸ್ ಆ್ಯನ್ ಇಫೆಕ್ಟ್ ಆನ್ ದೇರ್ ಇನ್‌ಕಮ್". ಹಾಗಾಗಿ ಈ ಪದದ ಬೆನ್ನಿಗೆ ಆನ್ ಕಂಡ ಕೂಡಲೇ ನಾನು ನಿಲ್ಲುತ್ತೇನೆ. ಒಂದೋ ಎ ಹೋಗಿ ಇ ಆಗಬೇಕು, ಇಲ್ಲವೇ ಆನ್ ಹೋಗಬೇಕು. ಯಾವುದು ಅನ್ನುವುದು ಹಿಂದಿನ ಪದ ನೋಡಿದರೆ ಗೊತ್ತಾಗುತ್ತದೆ. ಹಿಂದೆ ದ, ಆ್ಯನ್, ನೋ, ಎನಿ ಇದ್ದರೆ ಅದು ನಾಮಪದ. ನಮ್ಮ ಕಡೆಯವರು ಬರೆದ ಇಂಗ್ಲಿಷಿನಲ್ಲಿ ಈ ತಪ್ಪು ಬೇರೆ ಎಲ್ಲದಕ್ಕಿಂತ ಜಾಸ್ತಿ ಸಿಗುತ್ತದೆ, ನನ್ನ ಲೆಕ್ಕದಲ್ಲಿ. ಸ್ಪೆಲ್ ಚೆಕ್ ನಂಬಿ ಕೂರುವ ಹಾಗೂ ಇಲ್ಲ, ಎರಡೂ ಸರಿಯಾದ ಸ್ಪೆಲ್ಲಿಂಗೇ, ಅದು ಸುಮ್ನೆ ದಾಟಿ ಹೋಗುತ್ತದೆ.

ಇನ್ನು ನಾನು ಕೆಡಿಸಿದ್ದು.

ಮೂರನೇ ಅಧ್ಯಾಯದಲ್ಲಿ ಮನೆಮನೆಗೆ ಹೋಗಿ ಮಾತಾಡಿಸಿದ ಟಿಪ್ಪಣಿ ಇತ್ತು. ಕೆಲವರಿಗೆ ತುಂಬಾ ಬೇಜಾರಿನ ಲಕ್ಷಣ ಇದ್ದದ್ದರಿಂದ ಹುಡುಗ ಮನೋವೈದ್ಯಕೀಯದವರ ಭಾಷೆಯಲ್ಲೇ ಬರೆದಿದ್ದ, "ಬ್ಲಂಟೆಡ್ ಅಫೆಕ್ಟ್", "ಫ್ಲಾಟ್ ಅಫೆಕ್ಟ್". ನಾನು ನೋಡಿದೆ, ಹಿಂದೆ ವಿಶೇಷಣ ಇದೆ, ಹಾಗಾದರೆ ನಾಮಪದ, ಹಾಗಾದರೆ ಇ. ಹೀಗೆ ಹನ್ನೊಂದು ಕಡೆ ತಿದ್ದಿದೆ. ತಿದ್ದಿದ ಖುಷಿ ಬೇರೆ!

ಆದರೆ ಅಲ್ಲಿ ಅಫೆಕ್ಟ್ ಅನ್ನುವುದೇ ನಾಮಪದ. ಒಬ್ಬ ಮನುಷ್ಯನ ಒಳಗಿನ ಭಾವನೆ ಅವನ ಮುಖದಲ್ಲಿ, ದನಿಯಲ್ಲಿ, ಕೈಯ ಆಡುವಿಕೆಯಲ್ಲಿ ಹೊರಗಿನವರಿಗೆ ಕಾಣುವ ರೀತಿಗೆ ಮನಶ್ಶಾಸ್ತ್ರದಲ್ಲಿ ಅಫೆಕ್ಟ್ ಅನ್ನುತ್ತಾರೆ. ಮೂಡ್ ಬೇರೆ, ಇದು ಬೇರೆ. ಮೂಡ್ ಅಂದರೆ "ಹೇಗಿದ್ದೀರಿ" ಅಂತ ಕೇಳಿದರೆ ಅವನು ಹೇಳುವುದು, ಅಫೆಕ್ಟ್ ಅಂದರೆ ಎದುರಿಗೆ ಕೂತ ಡಾಕ್ಟರಿಗೆ ಕಾಣುವುದು. ಭಾವನೆ ಮುಖಕ್ಕೆ ಕಡಿಮೆ ಬಂದರೆ ಬ್ಲಂಟೆಡ್, ಬರುವುದೇ ಇಲ್ಲ ಅಂದರೆ ಫ್ಲಾಟ್, ಈಗ ನಗು ಈಗ ಅಳು ಅಂತ ತಟ್ಟನೆ ಬದಲಾಗುತ್ತಿದ್ದರೆ ಲೇಬೈಲ್. ಉಚ್ಚಾರಣೆ ಕೂಡ ಬೇರೆ, ಇಲ್ಲಿ ಒತ್ತು ಮೊದಲಿಗೆ ಬೀಳುತ್ತದೆ, ಆ್ಯಫೆಕ್ಟ್ ಅಂತ. ಕ್ರಿಯಾಪದಕ್ಕೆ ಒತ್ತು ಎರಡನೇ ಭಾಗಕ್ಕೆ. ನಾನು ಮಾಡಿದ ತಿದ್ದುಪಡಿಯಿಂದ "ಅವನ ಮುಖದಲ್ಲಿ ಭಾವನೆ ಕಡಿಮೆ ಕಾಣುತ್ತಿತ್ತು" ಅನ್ನುವುದು "ಮೊಂಡಾದ ಪರಿಣಾಮ" ಅಂತಾಯಿತು. ಯಾವುದರ ಪರಿಣಾಮ? ದೇವರಿಗೇ ಗೊತ್ತು.

ಈ ಅಫೆಕ್ಟ್ ಗುರುತು ಹಿಡಿಯುವುದು ಕಷ್ಟ ಇಲ್ಲ, ನೋಡುವ ಅಭ್ಯಾಸ ಬೇಕು ಅಷ್ಟೆ. ಅದು ಯಾವಾಗಲೂ ಒಬ್ಬ ಮನುಷ್ಯನದ್ದಾಗಿರುತ್ತದೆ. ಪರಿಣಾಮಕ್ಕೆ ಬೇಕಾಗುವ "ಯಾವುದರದ್ದು, ಯಾವುದರ ಮೇಲೆ" ಎರಡೂ ಅಲ್ಲಿ ಇರುವುದಿಲ್ಲ.

ಎರಡನೇ ತಪ್ಪು ಇದಕ್ಕಿಂತ ಜೋರು, ಯಾಕೆಂದರೆ ಓದುವವನಿಗೆ ಏನೋ ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಹುಡುಗ ಬರೆದದ್ದು ಹೀಗೆ: ಈ ಎರಡು ತಿಂಗಳಲ್ಲಿ ಮನೆಯವರು ಮೊದಲು ಬಡ್ಡಿಗೆ ಕೊಡುವವರ ಹತ್ತಿರ ಹೋಗುತ್ತಿದ್ದರು, ಹೆಂಗಸರ ಸ್ವಸಹಾಯ ಸಂಘ ಇದರಲ್ಲಿ "ಇಫೆಕ್ಟೆಡ್ ಎ ಚೇಂಜ್". ಕ್ರಿಯಾಪದಕ್ಕೆ ಇ ಇದೆಯಲ್ಲ, ನಾನು ಎ ಮಾಡಿದೆ. "ಅಫೆಕ್ಟೆಡ್ ಎ ಚೇಂಜ್".

ಎರಡೂ ವ್ಯಾಕರಣಕ್ಕೆ ಸರಿ. ಅರ್ಥ ಮಾತ್ರ ಒಂದಲ್ಲ. ಇಫೆಕ್ಟ್ ಕ್ರಿಯಾಪದವಾದಾಗ ಅದು ನಮ್ಮ "ಆಗಿಸು", ಇಲ್ಲದ್ದನ್ನು ತರುವುದು. ಹುಡುಗನ ಮಾತಿನ ಪ್ರಕಾರ ಬದಲಾವಣೆ ಇರಲಿಲ್ಲ, ಸಂಘ ಬಂದು ಅದನ್ನು ಆಗಿಸಿತು. ನಾನು ತಿದ್ದಿದ ಮೇಲೆ ಬದಲಾವಣೆ ಹೇಗೂ ಆಗುತ್ತಿತ್ತು, ಸಂಘದ್ದು ಅದಕ್ಕೆ ಏನೋ ಸ್ವಲ್ಪ ತಟ್ಟಿತು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ ಅಂತಾಯಿತು. ಇಡೀ ಅಧ್ಯಾಯ ಹೇಳಲು ಹೊರಟದ್ದು ಆ ಒಂದು ಸಾಲಿನಲ್ಲಿತ್ತು, ನಾನು ಒಂದು ಅಕ್ಷರ ತಿದ್ದಿ ಅದನ್ನು ಸಪ್ಪೆ ಮಾಡಿಬಿಟ್ಟಿದ್ದೆ. ಗೈಡ್ ಫೋನಿನಲ್ಲಿ ಬೈಯಲಿಲ್ಲ, "ಎಂತ ಮೇಡಂ, ಸಂಘದವರು ಕಷ್ಟಪಟ್ಟು ಮಾಡಿದ್ದನ್ನು ನೀವು ತೆಗೆದುಬಿಟ್ರಲ್ಲ ಮಾರಾಯ್ರೆ" ಅಂತ ನಗಾಡಿದರು. ಬೈದಿದ್ದರೇ ಒಳ್ಳೆಯದಿತ್ತು.

ಎರಡೂ ಲ್ಯಾಟಿನ್‌ನ "ಮಾಡು" ಅನ್ನುವ ಒಂದೇ ಧಾತುವಿನಿಂದ ಬಂದವು. ಅಫೆಕ್ಟ್‌ನ ಹಿಂದೆ ಇರುವ ಉಪಸರ್ಗಕ್ಕೆ "ಕಡೆಗೆ" ಅಂತ ಅರ್ಥ, ಇಫೆಕ್ಟ್‌ನದ್ದಕ್ಕೆ "ಹೊರಗೆ". ಒಂದು ಎದುರಿಗೆ ಇರುವುದರ ಕಡೆಗೆ ಹೋಗಿ ತಟ್ಟುತ್ತದೆ, ಇನ್ನೊಂದು ಒಳಗಿಂದ ಏನನ್ನೋ ಹೊರಗೆ ತರುತ್ತದೆ. ಇದು ಗೊತ್ತಾದ ಮೇಲೆ ನನಗೆ ಆ ಹಳೇ ಸೂತ್ರ ಬೇಕಾಗಲಿಲ್ಲ. ಕ್ರಿಯಾಪದ ಬಂದಾಗ ಅದರ ಮುಂದಿನ ವಸ್ತು ನೋಡುತ್ತೇನೆ. ಶ್ವಾಸಕೋಶ, ಆದಾಯ, ಬೆಲೆ, ಮಕ್ಕಳ ಓದು, ಇವೆಲ್ಲ ಮೊದಲೇ ಇದ್ದವು, ಅವಕ್ಕೆ ತಟ್ಟಿದ್ದು, ಹಾಗಾಗಿ ಎ. ರಾಜಿ, ರಿಪೇರಿ, ವರ್ಗಾವಣೆ, ಗುಣವಾಗುವುದು, ಇವು ಆ ಕೆಲಸದಿಂದಲೇ ಹುಟ್ಟಿದವು, ಹಾಗಾಗಿ ಇ. ತಕರಾರು ಇರುವುದು ಚೇಂಜ್ ಥರದ ಪದಕ್ಕೆ, ಅದು ಎರಡೂ ಕಡೆ ಕೂರುತ್ತದೆ. ಅಲ್ಲಿ ಈಗ ನಾನು ತಿದ್ದುವುದೇ ಇಲ್ಲ, ಪಕ್ಕದಲ್ಲಿ ಕಾಮೆಂಟ್ ಹಾಕಿ "ಬದಲಾವಣೆ ಸಂಘದಿಂದಲೇ ಆದದ್ದಾ, ಮೊದಲೇ ಆಗ್ತಾ ಇತ್ತಾ?" ಅಂತ ಬರೆದವರನ್ನೇ ಕೇಳುತ್ತೇನೆ. ಅವರು "ಸಂಘದಿಂದಲೇ" ಅಂದರೆ ಕೆಲವೊಮ್ಮೆ "ಬ್ರಾಟ್ ಅಬೌಟ್" ಅಂತ ಹಾಕಿ ಅಂತಲೂ ಹೇಳುತ್ತೇನೆ, ನನ್ನಂಥ ಇನ್ನೊಬ್ಬರು ಮತ್ತೆ ತಿದ್ದದ ಹಾಗೆ.

ಹುಡುಕುವುದಕ್ಕೆ ವರ್ಡ್‌ನಲ್ಲಿ ಅಡ್ವಾನ್ಸ್ಡ್ ಫೈಂಡ್ ತೆಗೆದು, Use wildcards ಟಿಕ್ ಮಾಡಿ ಇದನ್ನು ಹಾಕುತ್ತೇನೆ:

```
[AaEe]ffect
```

ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಕೊಡಲೇಬೇಕು, ವೈಲ್ಡ್‌ಕಾರ್ಡ್ ಟಿಕ್ ಮಾಡಿದ ಮೇಲೆ ವರ್ಡ್ ಅವೆರಡನ್ನು ಬೇರೆ ಬೇರೆ ಅಂತ ನೋಡುತ್ತದೆ. ಇದರಲ್ಲಿ ಇಫೆಕ್ಟಿವ್, ಅಫೆಕ್ಷನ್ ಎಲ್ಲ ಬರುತ್ತವೆ, ಅವನ್ನು ದಾಟಿಸಿಕೊಂಡು ಹೋಗಬೇಕು. ಸಿಕ್ಕಿದ ಪ್ರತಿ ಕಡೆಯೂ ಆ ಜಾಗಕ್ಕೆ ಕನ್ನಡದಲ್ಲಿ ಯಾವುದು ಕೂರುತ್ತದೆ ಅಂತ ಹೇಳಿ ನೋಡುತ್ತೇನೆ: ತಟ್ಟಿತು, ಪರಿಣಾಮ, ಆಗಿಸಿತು, ಮುಖಭಾವ. ತಟ್ಟಿತು, ಮುಖಭಾವ ಅಂದರೆ ಎ, ಉಳಿದ ಎರಡಕ್ಕೆ ಇ. ರಿಪ್ಲೇಸ್ ಆಲ್ ಅನ್ನುವ ಬಟನ್ ಇದಕ್ಕೆ ಮುಟ್ಟುವುದೇ ಇಲ್ಲ.

ನಾಲ್ಕೂ ಕೂರದ ಜಾಗ ಕೆಲವು ಇವೆ. ಆಸ್ಪತ್ರೆ ಕಾಗದದಲ್ಲಿ "ಪರ್ಸನಲ್ ಇಫೆಕ್ಟ್ಸ್" ಅಂದರೆ ರೋಗಿಯ ಸ್ವಂತ ಸಾಮಾನು, ಬಟ್ಟೆ, ವಾಚು. ಒಬ್ಬ ಬೇಕೆಂದೇ ಬೇರೆ ಊರಿನ ಧಾಟಿಯಲ್ಲಿ ಮಾತಾಡಿದರೆ ಅವನು ಆ ಧಾಟಿಯನ್ನು "ಅಫೆಕ್ಟ್" ಮಾಡುತ್ತಾನೆ, ಅಂದರೆ ನಟಿಸುತ್ತಾನೆ. ಆಫೀಸ್ ಆರ್ಡರುಗಳ "ವಿತ್ ಇಫೆಕ್ಟ್ ಫ್ರಮ್" ಯಾವಾಗಲೂ ಇ, ಅಲ್ಲಿ ಯೋಚನೆ ಮಾಡುವುದಕ್ಕೇ ಏನೂ ಇಲ್ಲ. ಆದರೂ ಕಳೆದ ವಾರ ನಮ್ಮ ಫ್ಲಾಟ್‌ನ ಲಿಫ್ಟ್ ಪಕ್ಕ, ಸೋಮವಾರದಿಂದ ನೀರಿನ ಟೈಮ್ ಬದಲು ಅನ್ನುವ ನೋಟಿಸಿನಲ್ಲಿ ಅದು ಎ ಆಗಿತ್ತು. ಪೆನ್ ತೆಗೆದು ತಿದ್ದುತ್ತಾ ಇದ್ದೆ, ವಾಚ್‌ಮನ್ ಬಂದು ನಿಂತ. "ಎಂತ ಮೇಡಂ, ಸೋಮವಾರ ಅಲ್ವಾ ಹಾಗಾದ್ರೆ?"

"ಸೋಮವಾರವೇ" ಅಂದೆ.