ಸಿರಿಂಜಿನಲ್ಲಿ ವೈರಸ್ ಇಲ್ಲ, ಆದರೂ ಜ್ವರ

ಹೆಪಟೈಟಿಸ್ ಸಿ ಕಾಯಿಲೆಗೆ ಈಗ ಮಾತ್ರೆಗಳಿವೆ. ಸಾಮಾನ್ಯವಾಗಿ ಹನ್ನೆರಡು ವಾರ ತಗೊಂಡರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. 2015ಕ್ಕೂ ಮುಂಚೆ ದಾವಣಗೆರೆಯಲ್ಲಿ ನಾನು ಕೊಡುತ್ತಿದ್ದದ್ದು ವಾರಕ್ಕೊಂದು ಪೆಗ್-ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ದಿನಾ ರಿಬಾವಿರಿನ್ ಮಾತ್ರೆ. ವೈರಸ್ ಹೊಕ್ಕಾಗ ಜೀವಕೋಶ ಏನು ಮಾಡುತ್ತದೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆ ಇಂಜೆಕ್ಷನ್ ತಗೊಂಡವರನ್ನು ನೋಡುತ್ತಾ.

ಅವರಲ್ಲಿ ಒಬ್ಬರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ನಲವತ್ತು ದಾಟಿದ ವಯಸ್ಸು. ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗುವ ಮೊದಲು, ಒಂದು ಆಪರೇಷನ್ನಿನಲ್ಲಿ ಅವರಿಗೆ ರಕ್ತ ಕೊಟ್ಟಿದ್ದರು. ಯಾವುದೋ ಕಾರಣಕ್ಕೆ ಲಿವರ್ ಟೆಸ್ಟ್ ಮಾಡಿಸಿದಾಗ ಎಎಲ್‌ಟಿ ಎಂಬ ಲಿವರ್ ಕಿಣ್ವ ಹೆಚ್ಚಿತ್ತು. ಸಿ ವೈರಸ್ಸಿನ ಆ್ಯಂಟಿಬಾಡಿ ಪಾಸಿಟಿವ್ ಬಂತು. ಬೆಂಗಳೂರಿಗೆ ಕಳಿಸಿದ ಪಿಸಿಆರ್‌ನಲ್ಲಿ ವೈರಸ್ ಲಕ್ಷಗಟ್ಟಲೆ ಇತ್ತು. ವೈರಸ್ಸಿನ ತಳಿ ಜೀನೋಟೈಪ್ 3, ನಮ್ಮ ದೇಶದಲ್ಲಿ ಜಾಸ್ತಿ ಕಾಣುವುದು ಅದೇ.

"ಆ್ಯಂಟಿಬಾಡಿ ಬಂದೈತೆ ಅಂದ್ರೆ ಮೈಯೇ ಗೆದ್ದಂಗಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಒಳ್ಳೆ ಪ್ರಶ್ನೆ. ಈ ವೈರಸ್ ಮೈಗೆ ಹೊಕ್ಕು ಒಂದೆರಡು ವಾರದಲ್ಲೇ ರಕ್ತದಲ್ಲಿ ಸಿಗುತ್ತದೆ. ಆ್ಯಂಟಿಬಾಡಿ ಕಾಣಿಸುವುದಕ್ಕೆ ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ವಾರ ಬೇಕು. ಅಷ್ಟರಲ್ಲಿ ವೈರಸ್ ಲಿವರ್‌ನಲ್ಲಿ ಬೀಡು ಬಿಟ್ಟಿರುತ್ತದೆ, ರೂಪವನ್ನೂ ಬದಲಿಸುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಹೊಡೆತ ಕೊಡಬೇಕಾದದ್ದು ಆ್ಯಂಟಿಬಾಡಿ ಅಲ್ಲ, ವೈರಸ್ ಹೊಕ್ಕ ಕೋಶವೇ.

ಕೋಶದೊಳಗೆ ರಿಗ್-ಐ ಎಂಬ ಪ್ರೋಟೀನ್ ಇದೆ. ನಮ್ಮ ಆರ್‌ಎನ್‌ಎಗೂ ವೈರಸ್ಸಿನ ಆರ್‌ಎನ್‌ಎಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತದೆ. ಹೊರಗಿನದು ಸಿಕ್ಕರೆ ಅದು ಮ್ಯಾವ್ಸ್ ಎಂಬ ಇನ್ನೊಂದು ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಸುದ್ದಿ ನ್ಯೂಕ್ಲಿಯಸ್‌ಗೆ ಹೋಗಿ, ಕೆಲವೇ ಗಂಟೆಗಳಲ್ಲಿ ಕೋಶ ಇಂಟರ್‌ಫೆರಾನ್ ತಯಾರಿಸಿ ಹೊರಕ್ಕೆ ಬಿಡುತ್ತದೆ. ಈ ಇಂಟರ್‌ಫೆರಾನ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ಅದು ಹೋಗಿ ಕೂರುವುದು ಅಕ್ಕಪಕ್ಕದ ಕೋಶಗಳ ಮೇಲಿನ ರಿಸೆಪ್ಟರ್‌ನಲ್ಲಿ. ಆ ರೋಗಿಗೆ ನಾನು ಹೇಳಿದ್ದು ಹೀಗೆ: ಒಂದು ಮನೆಗೆ ಕಳ್ಳ ನುಗ್ಗಿದಾಗ ಆ ಮನೆಯವರು ಕೂಗಿದ್ದು ಕೇಳಿ ಓಣಿಯವರೆಲ್ಲ ಬಾಗಿಲಿಗೆ ಅಗಳಿ ಹಾಕಿಕೊಳ್ಳುತ್ತಾರಲ್ಲ, ಅದೇ ಇದು.

ಸುದ್ದಿ ತಲುಪಿದ ಕೋಶ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅವುಗಳಲ್ಲಿ ಎರಡನ್ನು ಹೇಳಿದರೆ ಸಾಕು. ಪಿಕೆಆರ್ ಎಂಬುದು ಕೋಶದಲ್ಲಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಬಲ್ಲದು. ಓಎಎಸ್ ಎಂಬುದು ಆರ್‌ಎನ್‌ಏಸ್ ಎಲ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಆದರೆ ಎರಡೂ ಸುಮ್ನೆ ಕೆಲಸಕ್ಕೆ ಇಳಿಯುವುದಿಲ್ಲ. ತಯಾರಾಗಿ ಕಾಯುತ್ತವೆ. ವೈರಸ್ ಒಳಗೆ ಬಂದು, ಅದರ ಜೋಡಿ ಎಳೆಯ ಆರ್‌ಎನ್‌ಎ ಕಂಡಾಗಲೇ ಕೆಲಸ ಶುರು. ಹೀಗೆ ಸಜ್ಜಾಗಿ ಕಾಯುವ ಸ್ಥಿತಿಯೇ ಆ್ಯಂಟಿವೈರಲ್ ಸ್ಥಿತಿ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಕೋಳಿಮೊಟ್ಟೆಯ ಪೊರೆಯಲ್ಲಿ ಮೊದಲು ಕಂಡದ್ದು ಇದನ್ನೇ. ಬಿಸಿ ಮಾಡಿ ನಿಷ್ಕ್ರಿಯ ಮಾಡಿದ ಫ್ಲೂ ವೈರಸ್ ಸೋಕಿಸಿದ ಪೊರೆಯಿಂದ ಏನೋ ಒಂದು ಹೊರಬಂದು, ಹೊಸ ಪೊರೆಯಲ್ಲೂ ವೈರಸ್ ಬೆಳೆಯದ ಹಾಗೆ ತಡೆದಿತ್ತು.

ಹೆಪಟೈಟಿಸ್ ಸಿ ವೈರಸ್ ಕೈ ಹಾಕುವುದು ಸುದ್ದಿ ಹೊರಡುವ ಜಾಗಕ್ಕೆ. ಅದರ ಎನ್‌ಎಸ್3/4ಎ ಎಂಬ ಕಿಣ್ವ ಮ್ಯಾವ್ಸ್ ಅನ್ನು ಕತ್ತರಿಸಿಬಿಡುತ್ತದೆ. ರಿಗ್-ಐ ಕೂಗಿದರೂ ಸುದ್ದಿ ಮುಂದೆ ಹೋಗುವುದಿಲ್ಲ. ಆದರೆ ಹೊರಗಿನಿಂದ ಬಂದ ಇಂಟರ್‌ಫೆರಾನ್‌ಗೆ ಓಗೊಡಲು ಆ ಕೋಶಕ್ಕೆ ಮ್ಯಾವ್ಸ್ ಬೇಕಾಗಿಲ್ಲ. ಕೋಶ ತಾನೇ ಮಾಡಿಕೊಳ್ಳಲಾಗದ ಇಂಟರ್‌ಫೆರಾನನ್ನು ನಾವು ಸೂಜಿಯಲ್ಲಿ ಕೊಟ್ಟರೆ ಕೆಲಸ ಆಗುತ್ತಿದ್ದದ್ದು ಇದೇ ಕಾರಣಕ್ಕೆ.

ಡೋಸ್ ವಾರಕ್ಕೆ 180 ಮೈಕ್ರೋಗ್ರಾಂ, ಹೊಟ್ಟೆ ಅಥವಾ ತೊಡೆಯ ಚರ್ಮದ ಕೆಳಗೆ. ಜೀನೋಟೈಪ್ 3ಕ್ಕೆ 24 ವಾರ, ಜೊತೆಗೆ ರಿಬಾವಿರಿನ್ ದಿನಕ್ಕೆ 800 ಮಿಲಿಗ್ರಾಂ. ಔಷಧ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಬಾರದು. ಬೇಸಿಗೆಯಲ್ಲಿ ಕರೆಂಟ್ ಹೋಗುವ ನಮ್ಮೂರಲ್ಲಿ ಅದನ್ನು ರೋಗಿಯ ಮನೆಗೆ ಕಳಿಸುತ್ತಿರಲಿಲ್ಲ, ಕ್ಲಿನಿಕ್ಕಿನಲ್ಲೇ ಇಟ್ಟು ಕೊಡುತ್ತಿದ್ದೆ. ರಜೆಯ ಹಿಂದಿನ ದಿನ ಸಂಜೆ ಬರಲು ಹೇಳುತ್ತಿದ್ದೆ, ಸೂಜಿಗೆ ಮುಂಚೆ ಒಂದು ಪ್ಯಾರಸಿಟಮಾಲ್.

ಮೊದಲ ಇಂಜೆಕ್ಷನ್ ಆದ ರಾತ್ರಿ ಅವರಿಗೆ ಚಳಿ, ಜ್ವರ, ಮೈಕೈ ನೋವು, ತಲೆನೋವು. ಊಟ ಸೇರಲಿಲ್ಲ. ಫ್ಲೂ ಬಂದ ಹಾಗೇ. ಸಿರಿಂಜಿನಲ್ಲಿ ವೈರಸ್ ಇರಲಿಲ್ಲ, ಇದ್ದದ್ದು ಇಂಟರ್‌ಫೆರಾನ್ ಮಾತ್ರ. ಫ್ಲೂ ಬಂದಾಗ ಮೈ ಮುರಿಯುವುದಕ್ಕೆ ವೈರಸ್ಸಿನಷ್ಟೇ ನಮ್ಮ ಕೋಶಗಳು ಹೊರಡಿಸುವ ಈ ಸುದ್ದಿಯೂ ಕಾರಣ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ನೋಡಿಲ್ಲ. ವಾರಗಳು ಕಳೆದ ಹಾಗೆ ಜ್ವರ ಕಡಿಮೆಯಾಯಿತು.

ರಕ್ತದಲ್ಲೂ ಅದೇ ಕಥೆ. ಇಂಟರ್‌ಫೆರಾನ್ ನಮ್ಮ ಕೋಶಗಳು ಬೆಳೆಯುವುದಕ್ಕೂ ಕಡಿವಾಣ ಹಾಕುತ್ತದೆ. ವೇಗವಾಗಿ ಹೆಚ್ಚುವ ಎಲುಬುಮಜ್ಜೆಯ ಕೋಶಗಳಿಗೆ ಆ ಬಿಸಿ ಮೊದಲು ತಟ್ಟುತ್ತದೆ. ಅವರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 2,800ರಿಂದ 1,100ಕ್ಕೆ ಇಳಿಯಿತು. 750ಕ್ಕಿಂತ ಕೆಳಗೆ ಹೋದರೆ ಇಂಟರ್‌ಫೆರಾನ್ ಡೋಸ್ 135 ಮೈಕ್ರೋಗ್ರಾಂಗೆ ಇಳಿಸಬೇಕು, 500ಕ್ಕಿಂತ ಕೆಳಗಾದರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಅಷ್ಟು ದೂರ ಹೋಗಲಿಲ್ಲ. ಆದರೆ ಭಟ್ಟಿಯ ಮುಂದೆ ನಿಂತರೆ ಏದುಸಿರು ಎನ್ನತೊಡಗಿದರು. ಹಿಮೋಗ್ಲೋಬಿನ್ 14ರಿಂದ 9.6ಕ್ಕೆ ಬಂದಿತ್ತು. ಇದು ಮುಖ್ಯವಾಗಿ ರಿಬಾವಿರಿನ್ ಕೆಲಸ, ಅದು ಕೆಂಪು ರಕ್ತಕಣ ಒಡೆಯುತ್ತದೆ. ಅದನ್ನು 600ಕ್ಕೆ ಇಳಿಸಿದೆ, ಇಂಟರ್‌ಫೆರಾನ್ ಮುಟ್ಟಲಿಲ್ಲ. ಮಾಲೀಕರಿಗೆ ಹೇಳಿ ಉರಿಯ ಮುಂದಿನ ಕೆಲಸ ಬಿಟ್ಟು ಚೀಲ ತುಂಬುವ ಕೆಲಸಕ್ಕೆ ಹಾಕಿಸಿದೆವು.

ಜ್ವರಕ್ಕಿಂತ ನಾನು ಹೆಚ್ಚು ಹೆದರುತ್ತಿದ್ದದ್ದು ಮನಸ್ಸಿಗೆ. ಇಂಟರ್‌ಫೆರಾನ್‌ನಿಂದ ಖಿನ್ನತೆ ಬರುತ್ತದೆ, ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ರೋಗಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಪ್ರತಿ ಸಲ ಅವರ ಹೆಂಡತಿಯನ್ನು ಬೇರೆಯಾಗಿ ಕೇಳುತ್ತಿದ್ದೆ: "ರಾತ್ರಿ ನಿದ್ದೆ ಮಾಡ್ತಾರಾ ಅಮ್ಮಾ? ಮಕ್ಕಳ ಹತ್ರ ಮಾತಾಡ್ತಾರಾ?" "ಸಿಡುಕ್ತಾರೆ ಸಾರ್, ಆದ್ರೆ ಮಾತಾಡ್ತಾರೆ" ಎಂದರು. ಸಿಡುಕಿದರೆ ನಡೆಯುತ್ತದೆ, ಮಾತು ನಿಂತರೆ ನಡೆಯುವುದಿಲ್ಲ. ಥೈರಾಯ್ಡ್ ಪರೀಕ್ಷೆಯನ್ನೂ ಮೂರು ತಿಂಗಳಿಗೊಮ್ಮೆ ಮಾಡಿಸುತ್ತಿದ್ದೆ.

ನಾಲ್ಕನೇ ವಾರದ ಪಿಸಿಆರ್‌ನಲ್ಲಿ ವೈರಸ್ ಸಿಗಲಿಲ್ಲ. ಎಲ್ಲರಿಗೂ ಹೀಗಾಗುತ್ತಿರಲಿಲ್ಲ. ಕೆಲವರ ಲಿವರ್‌ನಲ್ಲಿ ಚಿಕಿತ್ಸೆಗೆ ಮೊದಲೇ ಇಂಟರ್‌ಫೆರಾನ್ ಜೀನ್‌ಗಳು ಸದಾ ಚಾಲೂ ಇರುತ್ತವೆ. ಅಂಥವರಿಗೆ ವಾಸಿಯಾಗುವುದು ಸುಲಭ ಎಂದು ಅನಿಸುತ್ತದೆ ಅಲ್ವಾ? ಆಗುವುದು ತದ್ವಿರುದ್ಧ. ಕೂಗು ಕೇಳಿ ಕೇಳಿ ಕೋಶ ಜಡವಾಗಿರುತ್ತದೆ, ಸೂಜಿಯಲ್ಲಿ ಎಷ್ಟು ಕೊಟ್ಟರೂ ಓಗೊಡುವುದಿಲ್ಲ. ಹನ್ನೆರಡನೇ ವಾರಕ್ಕೆ ವೈರಸ್ ನೂರರಲ್ಲಿ ಒಂದು ಭಾಗಕ್ಕೂ ಇಳಿಯದಿದ್ದರೆ ನಾನು ನಿಲ್ಲಿಸಿಬಿಡುತ್ತಿದ್ದೆ. ಅದರಾಚೆ ಕಷ್ಟ ಕೊಡುವುದರಲ್ಲಿ ಅರ್ಥವಿರಲಿಲ್ಲ.

ಇವರ ಚಿಕಿತ್ಸೆ ಪೂರ್ತಿಯಾಯಿತು. ಮುಗಿದು ಆರು ತಿಂಗಳ ನಂತರ ಮತ್ತೆ ಪಿಸಿಆರ್ ಮಾಡಿಸಿದೆ. ವೈರಸ್ ಇರಲಿಲ್ಲ, ಅಂದರೆ ವಾಸಿ. ಆದರೆ ಆ್ಯಂಟಿಬಾಡಿ ಪರೀಕ್ಷೆ ಇನ್ನೂ ಅನೇಕ ವರ್ಷ, ಬಹುಶಃ ಜೀವನಪೂರ್ತಿ, ಪಾಸಿಟಿವ್ ಬರುತ್ತದೆ. ಅದನ್ನು ನೋಡಿ ಯಾರಾದರೂ ಕಾಯಿಲೆ ಇನ್ನೂ ಇದೆ ಎಂದರೆ ಪಿಸಿಆರ್ ರಿಪೋರ್ಟ್ ತೋರಿಸಿ ಎಂದು ಹೇಳಿ ಅದರ ಜೆರಾಕ್ಸ್ ಕೊಟ್ಟೆ. ರಕ್ತದಾನ ಮಾಡಬೇಡಿ, ಹೊಸದಾಗಿ ಸೋಂಕು ತಗುಲಿದರೆ ಆ ಆ್ಯಂಟಿಬಾಡಿ ಕಾಯುವುದಿಲ್ಲ, ಹಾಗಾಗಿ ಸೂಜಿ, ಬ್ಲೇಡ್ ಬೇರೆಯವರದ್ದು ಬಳಸಬೇಡಿ ಎಂದೂ ಅದರ ಹಿಂದೆ ಬರೆದುಕೊಟ್ಟೆ.